ಬಾಣ ಹೇಳಿದಷ್ಟೇ ಬರೆಯಿರಿ: ಸಬ್‌ಸ್ಟಿಟ್ಯೂಷನ್, ಎಲಿಮಿನೇಷನ್ ವರ್ಕ್‌ಶೀಟ್ ಬಿಡಿಸುವ ಬಗೆ

ಹ್ಯಾಲೋಆಲ್ಕೇನ್ ಪಾಠ ಮುಗಿದ ವಾರ ನನ್ನ ಮೇಜಿನ ಮೇಲೆ ಬಂದು ಬೀಳುವ ವರ್ಕ್‌ಶೀಟ್‌ಗಳಲ್ಲಿ ಒಂದೇ ಕಥೆ. ಉತ್ಪನ್ನ ಸರಿ ಇರುತ್ತದೆ, ಬಾಣ ತಪ್ಪಿರುತ್ತದೆ. ಕಾರಣವೂ ಗೊತ್ತಿರುವುದೇ. ಉತ್ತರ ಬಾಯಿಪಾಠವಾಗಿರುತ್ತದೆ, ಅದನ್ನು ಮೊದಲು ಬಲಗಡೆ ಬರೆದಿರುತ್ತಾರೆ; ಆಮೇಲೆ ಚಪ್ಪರಕ್ಕೆ ತೋರಣ ಕಟ್ಟಿದ ಹಾಗೆ ಎಡಗಡೆ ಎರಡು ಮೂರು ಬಾಗಿದ ಬಾಣ ಕಟ್ಟಿರುತ್ತಾರೆ. ಮೆಕ್ಯಾನಿಸಂ ಬರೆಯಿರಿ ಎಂದರೆ ಕೇಳುತ್ತಿರುವುದು ಅದರ ತಿರುಗುಮುರುಗು: ಮೊದಲು ಬಾಣ, ಆ ಬಾಣ ಹೇಳಿದಷ್ಟನ್ನೇ ಮಾಡಿದರೆ ಏನು ಸಿಗುತ್ತದೋ ಅದು ಉತ್ಪನ್ನ.

ಇಲ್ಲಿ ನಾಲ್ಕು ಪ್ರಶ್ನೆಗಳ ಒಂದು ಪುಟ್ಟ ವರ್ಕ್‌ಶೀಟ್ ಇಟ್ಟುಕೊಂಡು ಆ ಕ್ರಮದಲ್ಲೇ ಬಿಡಿಸೋಣ. ಪಿಯು ಎರಡನೇ ವರ್ಷದವರಿಗೆ ಮೊದಲ ಮೂರು ಸಾಕು. ನಾಲ್ಕನೆಯದು ಬಿಎಸ್ಸಿಯವರಿಗೆ.

```
1. CH3-CHBr-CH2-CH3 + NaSH    →  ?
2. CH3-CHBr-CH2-CH3 + NaOC2H5 →  ?   (ಎಥನಾಲ್, ಬಿಸಿ)
3. (CH3)3C-Cl + H2O           →  ?   (80% ಎಥನಾಲ್)
4. ಟ್ರಾನ್ಸ್-1-ಬ್ರೋಮೋ-2-ಮೀಥೈಲ್‌ಸೈಕ್ಲೋಹೆಕ್ಸೇನ್ + NaOC2H5 → ?
```

ಮೊದಲು ಬಾಲ, ಆಮೇಲೆ ತಲೆ

ಬಾಗಿದ ಬಾಣ ಪರಮಾಣುವಿನ ಓಡಾಟವನ್ನು ತೋರಿಸುವುದಿಲ್ಲ. ಒಂದು ಜೋಡಿ ಎಲೆಕ್ಟ್ರಾನ್ ಎಲ್ಲಿತ್ತು, ಎಲ್ಲಿಗೆ ಹೋಯಿತು, ಇಷ್ಟನ್ನೇ ತೋರಿಸುತ್ತದೆ. ಬ್ರಿಟನ್ನಿನ ರಾಬರ್ಟ್ ರಾಬಿನ್ಸನ್ 1922ರಲ್ಲಿ ಇದನ್ನು ಬಳಕೆಗೆ ತಂದಾಗಿನಿಂದ ಇದು ಲೆಕ್ಕದ ಗುರುತು, ಅಲಂಕಾರವಲ್ಲ. ಹಾಗಾಗಿ ಬಾಣದ ಬಾಲ ಇರಬಹುದಾದ ಜಾಗ ಎರಡೇ. ಒಂದು, ಪರಮಾಣುವಿನ ಮೇಲಿರುವ ಲೋನ್ ಪೇರ್. ಇನ್ನೊಂದು, ಬಂಧದ ಗೆರೆಯ ನಡುಮಧ್ಯ. ಎಲೆಕ್ಟ್ರಾನ್ ಜೋಡಿ ಇಲ್ಲದ ಕಡೆಯಿಂದ ಬಾಣ ಹೊರಡುವಂತಿಲ್ಲ. `H⁺` ಹತ್ತಿರ ಎಲೆಕ್ಟ್ರಾನೇ ಇಲ್ಲ, ಆದರೂ ಪ್ರತಿ ವರ್ಷ ಯಾರಾದರೂ ಒಬ್ಬರು `H⁺`ನಿಂದ ಬಾಣ ಬಿಟ್ಟಿರುತ್ತಾರೆ. ಖಾಲಿ ಕೈಯವನು ಸಾಲ ಕೊಟ್ಟ ಹಾಗೆ.

ತಲೆಗೂ ಜಾಗ ಎರಡೇ. ಜೋಡಿ ಹೋಗಿ ಒಂದು ಪರಮಾಣುವಿನ ಮೇಲೆ ಕೂರಬಹುದು, ಅಥವಾ ಎರಡು ಪರಮಾಣುಗಳ ನಡುವೆ ಹೊಸ ಬಂಧವಾಗಬಹುದು.

ಬಾಣದ ಮೂತಿಗೂ ಅರ್ಥವಿದೆ. ಎರಡೂ ಕಡೆ ಮುಳ್ಳಿದ್ದರೆ ಎರಡು ಎಲೆಕ್ಟ್ರಾನ್. ಗಾಳದ ಕೊಕ್ಕೆಯಂತೆ ಒಂದೇ ಕಡೆ ಮುಳ್ಳಿದ್ದರೆ ಒಂದೇ ಎಲೆಕ್ಟ್ರಾನ್. ಅದು ಫ್ರೀ ರ್ಯಾಡಿಕಲ್ ಪಾಠದ್ದು. ಈ ವರ್ಕ್‌ಶೀಟ್‌ನಲ್ಲಿ ಎಲ್ಲೂ ಅದು ಬರುವುದಿಲ್ಲ, ಅವಸರದಲ್ಲಿ ಎಳೆದು ಅಂಕ ಕಳೆದುಕೊಳ್ಳಬೇಡಿ.

ಬಾಣ ಎಳೆಯುವ ಮೊದಲು ಎರಡು ನಿಮಿಷ ಚಿತ್ರಕ್ಕೆ ಕೊಡಿ. ಪ್ರಶ್ನೆಯಲ್ಲಿರುವ `NaSH`ನಲ್ಲಿ `Na⁺` ಏನೂ ಮಾಡುವುದಿಲ್ಲ, ಹೊಡೆದುಹಾಕಿ. ಉಳಿದ `HS⁻`ನಲ್ಲಿ ಗಂಧಕದ ಮೇಲೆ ಮೂರು ಲೋನ್ ಪೇರ್‌ಗಳನ್ನು ಚುಕ್ಕಿ ಹಾಕಿ ತೋರಿಸಿ. ಬ್ರೋಮಿನ್ ಮೇಲೂ ಮೂರು. ಆಮೇಲೆ ಬ್ರೋಮಿನ್ ಹಿಡಿದಿರುವ ಕಾರ್ಬನ್ನಿನ ಅಕ್ಕಪಕ್ಕದ ಕಾರ್ಬನ್‌ಗಳ ಮೇಲೆ ಎಷ್ಟು `H` ಇವೆಯೋ ಅಷ್ಟನ್ನೂ ಬಿಡಿಸಿ. ಅಂಕುಡೊಂಕು ಗೆರೆಯ ರಚನೆಯಲ್ಲಿ ಅವು ಕಾಣುವುದಿಲ್ಲ. ಕಾಣದ `H`ಗೆ ಬಾಣ ಹಾಕಲು ಹೋದಾಗಲೇ ಎಲಿಮಿನೇಷನ್ ಪ್ರಶ್ನೆಗಳು ಕೆಡುವುದು.

ಇಷ್ಟಾದ ಮೇಲೂ ಬಾಣ ಎಳೆಯಬೇಡಿ. ಮಗ್ಗುಲಲ್ಲಿ ಎರಡು ಕಂಬಸಾಲು ಹಾಕಿ, "ಎಲ್ಲಿಂದ" ಮತ್ತು "ಎಲ್ಲಿಗೆ" ಎಂದು ಮಾತಿನಲ್ಲಿ ಬರೆಯಿರಿ. ನಾನು ಇದನ್ನು ಕಡ್ಡಾಯ ಮಾಡಿದ್ದೇನೆ, ಮಕ್ಕಳು ಬೈದುಕೊಂಡೇ ಬರೆಯುತ್ತಾರೆ. ಮಾತಿನಲ್ಲಿ ಬರೆಯಲಾಗದ ಬಾಣ ಸಾಮಾನ್ಯವಾಗಿ ತಪ್ಪು ಬಾಣವೇ ಆಗಿರುತ್ತದೆ.

ಪ್ರಶ್ನೆ 1: ಎರಡು ಬಾಣ, ಒಂದೇ ಹೆಜ್ಜೆ

2-ಬ್ರೋಮೋಬ್ಯೂಟೇನ್‌ನಲ್ಲಿ ಬ್ರೋಮಿನ್ ಇರುವುದು ಸೆಕೆಂಡರಿ ಕಾರ್ಬನ್ ಮೇಲೆ. `HS⁻` ಒಳ್ಳೆಯ ನ್ಯೂಕ್ಲಿಯೋಫೈಲ್, ಆದರೆ ದುರ್ಬಲ ಬೇಸ್. `H2S`ನ ಪಿಕೆಎ ಸುಮಾರು 7, ಎಥನಾಲಿನದು ಸುಮಾರು 16. ಅಂದರೆ `HS⁻`ಗೆ ಪ್ರೋಟಾನ್ ಮೇಲೆ ಎಥಾಕ್ಸೈಡ್‌ಗೆ ಇರುವಷ್ಟು ಹಸಿವಿಲ್ಲ. ಅದು `H` ಕೀಳುವ ಗೋಜಿಗೆ ಹೋಗದೆ ಕಾರ್ಬನ್ ಮೇಲೇ ಎರಗುತ್ತದೆ. ಹಾಗಾಗಿ ಇದು ಎಸ್‌ಎನ್2. ಲೆಕ್ಕ ಹೀಗೆ:

```
         ಎಲ್ಲಿಂದ                ಎಲ್ಲಿಗೆ
ಬಾಣ 1:  S ಮೇಲಿನ ಲೋನ್ ಪೇರ್   →  C2
ಬಾಣ 2:  C2-Br ಬಂಧದ ಮಧ್ಯ     →  Br
```

ಈಗ ಬಾಯಿಪಾಠ ಮರೆತು, ಬಾಣ ಹೇಳಿದಷ್ಟನ್ನೇ ಮಾಡಿ. ಗಂಧಕದ ಮೂರು ಜೋಡಿಗಳಲ್ಲಿ ಒಂದು ಬಂಧವಾಯಿತು, ಎರಡು ಉಳಿದವು. ಅದಕ್ಕೆ ಈಗ ಎರಡು ಬಂಧ, ಎರಡು ಜೋಡಿ, ಚಾರ್ಜ್ ಸೊನ್ನೆ. ಕಾರ್ಬನ್‌ಗೆ ಒಂದು ಬಂಧ ಬಂತು, ಒಂದು ಹೋಯಿತು; ನಾಲ್ಕಕ್ಕೆ ನಾಲ್ಕೇ. ಬ್ರೋಮಿನ್‌ಗೆ ಮೂರು ಜೋಡಿ ಇತ್ತು, ನಾಲ್ಕಾಯಿತು, ಅದು `Br⁻`. ಎಡಗಡೆ ಒಟ್ಟು ಚಾರ್ಜ್ ಮೈನಸ್ ಒಂದು, ಬಲಗಡೆಯೂ ಮೈನಸ್ ಒಂದು. ಲೆಕ್ಕ ತಾಳೆಯಾಯಿತು, ಉತ್ಪನ್ನ `CH3-CH(SH)-CH2-CH3`.

ಎರಡನೇ ಬಾಣ ಮರೆತರೆ ಏನಾಗುತ್ತದೆ ಎಂದೂ ನೋಡಿ. ಕಾರ್ಬನ್ ಮೇಲೆ ಐದು ಬಂಧ, ಹತ್ತು ಎಲೆಕ್ಟ್ರಾನ್. ಉತ್ಪನ್ನವನ್ನು ನೆನಪಿನಿಂದ ಬರೆದವರಿಗೆ ಈ ತಪ್ಪು ಕಣ್ಣಿಗೆ ಬೀಳುವುದೇ ಇಲ್ಲ, ಏಕೆಂದರೆ ಬಲಗಡೆ ಎಲ್ಲವೂ ಸರಿಯಾಗಿರುತ್ತದೆ. ಬಾಣದಿಂದ ಉತ್ಪನ್ನ ಕಟ್ಟಿದವರಿಗೆ ಐದು ಕೈಯ ಕಾರ್ಬನ್ ಎದುರಿಗೇ ನಿಂತಿರುತ್ತದೆ.

ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮ. ಮೈನಸ್ ಗುರುತಿನಿಂದ ಬಾಣ ಹೊರಡಿಸುವುದು. ಕೆಲವು ಪುಸ್ತಕಗಳೂ ಹಾಗೆ ಅಚ್ಚು ಹಾಕುತ್ತವೆ, ತಿದ್ದುವವರೂ ಬಿಟ್ಟುಬಿಡುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಮುಂದೆ ಮೂರನೇ ಪ್ರಶ್ನೆಯಲ್ಲಿ ದಾಳಿ ಮಾಡುವುದು ನೀರು. ಅದರ ಮೇಲೆ ಮೈನಸ್ಸೇ ಇಲ್ಲ. ಮೈನಸ್ಸಿನಿಂದ ಹೊರಡುವುದು ಕೈಗೆ ಅಭ್ಯಾಸವಾದವರು ಅಲ್ಲಿ ನೀರನ್ನು ಬಲವಂತವಾಗಿ `OH⁻` ಮಾಡಿಬಿಡುತ್ತಾರೆ.

ಈಗ ದಿಕ್ಕಿನ ಮಾತು. ಬ್ರೋಮಿನ್ ಯಾವ ಕಡೆಯಿಂದ ಹೊರಡುತ್ತದೋ ಅದರ ನೇರ ಹಿಂಬದಿಯಿಂದ ಗಂಧಕ ಬರುತ್ತದೆ. ಬಾಣದ ತಲೆಯನ್ನು ಆ ಬೆನ್ನಿನ ಕಡೆಯಿಂದಲೇ ತನ್ನಿ. ಉಳಿದ ಮೂರು ಗುಂಪುಗಳು ಗಾಳಿಗೆ ಮಗುಚಿದ ಕೊಡೆಯ ಕಡ್ಡಿಗಳಂತೆ ಬ್ರೋಮಿನ್ ಇದ್ದ ಕಡೆಗೆ ವಾಲುತ್ತವೆ. ಪ್ರಶ್ನೆಯಲ್ಲಿ ಆರ್ ರೂಪದ 2-ಬ್ರೋಮೋಬ್ಯೂಟೇನ್ ಕೊಟ್ಟಿದ್ದರೆ ಉತ್ತರ ಎಸ್ ರೂಪದ ಥಯೋಲ್. ಇಲ್ಲಿ ಅಕ್ಷರ ಬದಲಾದದ್ದು `Br` ಮತ್ತು `SH` ಎರಡೂ ಆದ್ಯತೆಯಲ್ಲಿ ಮೊದಲ ಸ್ಥಾನದಲ್ಲಿರುವುದರಿಂದ. ಮಗುಚುವುದು ನಿಜವಾದ ಘಟನೆ, ಅಕ್ಷರ ನಾವು ಕೊಡುವ ಹೆಸರು. ಆದ್ಯತೆಯ ಸಾಲು ಬೇರೆಯಾದರೆ ಕೊಡೆ ಮಗುಚಿದರೂ ಅಕ್ಷರ ಹಾಗೇ ಉಳಿಯಬಹುದು. ಆದ್ದರಿಂದ "ಆರ್ ಇದ್ದದ್ದು ಎಸ್ ಆಗುತ್ತದೆ" ಎಂದು ಉರು ಹೊಡೆಯದೆ, ಚಿತ್ರ ಬಿಡಿಸಿ ಹೊಸದಾಗಿ ಅಕ್ಷರ ಹಚ್ಚಿ.

ಪ್ರತಿ ಸಲವೂ ಮಗುಚುತ್ತದೆ ಎಂದು ಹೇಗೆ ಗೊತ್ತು? 1935ರಲ್ಲಿ ಹ್ಯೂಸ್ ಮತ್ತು ಸಂಗಡಿಗರು 2-ಅಯೋಡೋಆಕ್ಟೇನನ್ನು ವಿಕಿರಣಶೀಲ ಅಯೋಡೈಡ್ ಜೊತೆ ಬಿಟ್ಟರು. ಅಯೋಡಿನ್ ಜಾಗಕ್ಕೆ ಅಯೋಡಿನ್ನೇ ಬರುವುದರಿಂದ ವಸ್ತು ಬದಲಾಗುವುದಿಲ್ಲ. ಆದರೂ ಎಷ್ಟು ಅಣುಗಳಲ್ಲಿ ಅದಲುಬದಲಾಯಿತು ಎಂದು ವಿಕಿರಣದಿಂದ ಅಳೆಯಬಹುದು. ಬೆಳಕನ್ನು ತಿರುಗಿಸುವ ಗುಣ ಕಳೆದುಹೋದ ವೇಗ, ಅದಲುಬದಲಿನ ವೇಗಕ್ಕೆ ಸರಿಯಾಗಿ ಎರಡರಷ್ಟು ಬಂತು. ಮಗುಚಿದ ಒಂದು ಅಣು ತನ್ನ ಪಾಲಿನದನ್ನು ಕಳೆದುಕೊಳ್ಳುವುದಲ್ಲದೆ ಮಗುಚದ ಇನ್ನೊಂದರ ಪಾಲನ್ನೂ ರದ್ದು ಮಾಡುತ್ತದೆ. ಒಂದೊಂದು ಅದಲುಬದಲಿಗೂ ಒಂದೊಂದು ಮಗುಚು ಇದ್ದರೆ ಮಾತ್ರ ಆ ಎರಡರ ಲೆಕ್ಕ ಬರುತ್ತದೆ.

ಪ್ರಶ್ನೆ 2: ಅದೇ ಅಣು, ಬೇರೆ ಗಿರಾಕಿ

ಈಗ `HS⁻` ಬದಲಿಗೆ ಎಥಾಕ್ಸೈಡ್, ಅಂದರೆ `C2H5O⁻`. ಪಿಯು ಪುಸ್ತಕದ ಆಲ್ಕೋಹಾಲಿಕ್ ಪೊಟ್ಯಾಶ್ ಕೂಡ ಹೆಚ್ಚುಕಡಿಮೆ ಇದೇ. `KOH`ಅನ್ನು ಎಥನಾಲಿನಲ್ಲಿ ಕರಗಿಸಿದಾಗ ಒಂದು ಪಾಲು ಎಥಾಕ್ಸೈಡ್ ಆಗುತ್ತದೆ. "ನೀರಿನ ಪೊಟ್ಯಾಶ್ ಆದರೆ ಆಲ್ಕೋಹಾಲ್, ಆಲ್ಕೋಹಾಲಿಕ್ ಪೊಟ್ಯಾಶ್ ಆದರೆ ಆಲ್ಕೀನ್" ಎಂಬ ಸೂತ್ರ ಎಲ್ಲರಿಗೂ ಗೊತ್ತು, ಪರೀಕ್ಷೆಗೆ ಅನುಕೂಲವೂ ಹೌದು. ಆದರೆ ಅದು ಕಾರ್ಬನ್ ಯಾವ ದರ್ಜೆಯದು ಎಂದು ಕೇಳುವುದೇ ಇಲ್ಲ. 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಥನಾಲಿನೊಳಗೆ ಎಥಾಕ್ಸೈಡ್ ಜೊತೆ ಬ್ರೋಮೋಈಥೇನ್ ಇಟ್ಟರೆ ನೂರರಲ್ಲಿ ಸುಮಾರು 90 ಪಾಲು ಈಥರ್ ಬರುತ್ತದೆ, ಅಂದರೆ ಸಬ್‌ಸ್ಟಿಟ್ಯೂಷನ್. ಅದೇ ಪರಿಸ್ಥಿತಿಯಲ್ಲಿ 2-ಬ್ರೋಮೋಪ್ರೊಪೇನ್ ಇಟ್ಟರೆ ತಕ್ಕಡಿ ಮಗುಚಿ, ಸುಮಾರು 79 ಪಾಲು ಪ್ರೊಪೀನ್, 21 ಪಾಲು ಈಥರ್. ಪ್ರೈಮರಿ ಕಾರ್ಬನ್ನಿನ ಬೆನ್ನು ಬಯಲಾಗಿರುತ್ತದೆ, ಎಥಾಕ್ಸೈಡ್ ಸಲೀಸಾಗಿ ಮುಟ್ಟುತ್ತದೆ. ಸೆಕೆಂಡರಿಯಲ್ಲಿ ದಾರಿ ಇಕ್ಕಟ್ಟು, ಪಕ್ಕದ `H` ಮಾತ್ರ ಹೊರಗೆ ಚಾಚಿಕೊಂಡಿರುತ್ತದೆ. ನಮ್ಮದು ಸೆಕೆಂಡರಿ. ಹಾಗಾಗಿ ಮುಖ್ಯ ದಾರಿ ಇ2.

```
         ಎಲ್ಲಿಂದ                ಎಲ್ಲಿಗೆ
ಬಾಣ 1:  O ಮೇಲಿನ ಲೋನ್ ಪೇರ್   →  C3 ಮೇಲಿನ H
ಬಾಣ 2:  C3-H ಬಂಧದ ಮಧ್ಯ      →  C3 ಮತ್ತು C2 ನಡುವೆ
ಬಾಣ 3:  C2-Br ಬಂಧದ ಮಧ್ಯ     →  Br
```

ಇಲ್ಲಿ ಹೆಚ್ಚಿನವರು ಎಡವುವುದು ಎರಡನೇ ಬಾಣದಲ್ಲಿ. ಅದನ್ನು `H` ಅಕ್ಷರದಿಂದ ಹೊರಡಿಸುತ್ತಾರೆ. ಹಾಗೆ ಬರೆದರೆ ಹೈಡ್ರೋಜನ್ ತಾನೇ ಹೋಗಿ ಎರಡು ಕಾರ್ಬನ್‌ಗಳ ನಡುವೆ ಕೂತಿತು ಎಂಬರ್ಥ ಬರುತ್ತದೆ. ನಿಜದಲ್ಲಿ ಹೈಡ್ರೋಜನ್ ಬರಿಗೈಯಲ್ಲಿ ಆಕ್ಸಿಜನ್ ಕಡೆ ಹೋಗುತ್ತದೆ. ಅದನ್ನು ಕಾರ್ಬನ್‌ಗೆ ಕಟ್ಟಿದ್ದ ಜೋಡಿ ಹಿಂದೆಯೇ ಉಳಿದು ಡಬಲ್ ಬಾಂಡ್ ಆಗುತ್ತದೆ. ಆದ್ದರಿಂದ ಬಾಲ ಗೆರೆಯ ನಡುವೆಯೇ ಇರಬೇಕು. ಪೆನ್ನಿನ ತುದಿ ಎರಡು ಮಿಲಿಮೀಟರ್ ಆಚೀಚೆಯಾದರೂ ಅರ್ಥ ಬೇರೆ. ಅದಕ್ಕೇ ಬಂಧದ ಗೆರೆಯನ್ನು ಬೇಕೆಂದೇ ಉದ್ದಕ್ಕೆ ಎಳೆಯಿರಿ ಎನ್ನುತ್ತೇನೆ.

ಮೂರೂ ಬಾಣ ಒಂದೇ ಚಿತ್ರದಲ್ಲಿ ಇರಲಿ. ಮೂರು ಕೆಲಸವೂ ಒಟ್ಟಿಗೆ ನಡೆಯುತ್ತದೆ. ಮೊದಲು `H` ಕಿತ್ತು, ಕಾರ್ಬನ್ ಮೇಲೆ ಮೈನಸ್ ಬರೆದು, ಇನ್ನೊಂದು ಚಿತ್ರದಲ್ಲಿ `Br` ಕಳಿಸುವ ಮಕ್ಕಳಿದ್ದಾರೆ. ಅದು ಬೇರೆಯೇ ಮೆಕ್ಯಾನಿಸಂ. ಹಾಗೆ ನಡೆಯಬೇಕಾದರೆ ಆ ಮೈನಸ್ಸನ್ನು ತಾಳಿಕೊಳ್ಳಲು ಪಕ್ಕದಲ್ಲಿ ಕಾರ್ಬೊನಿಲ್‌ನಂಥ ಗುಂಪು ಬೇಕು, ಇಲ್ಲಿ ಅದಿಲ್ಲ.

`H` ಯಾವ ಕಾರ್ಬನ್‌ನಿಂದ ಕೀಳಬೇಕು? C1 ಮೇಲೆ ಮೂರಿವೆ, C3 ಮೇಲೆ ಎರಡೇ. ಆದರೂ C3ಯಿಂದ ಕಿತ್ತರೆ ಬರುವ 2-ಬ್ಯೂಟೀನ್ ಹೆಚ್ಚು ಸ್ಥಿರ. ಬ್ರೋಮೈಡ್ ಮತ್ತು ಎಥಾಕ್ಸೈಡ್ ಜೋಡಿಯಲ್ಲಿ ಸಿಗುವ ಆಲ್ಕೀನ್‌ಗಳಲ್ಲಿ 2-ಬ್ಯೂಟೀನ್ ಸುಮಾರು 81, 1-ಬ್ಯೂಟೀನ್ 19. ಇದೇ ಜೈಟ್ಸೆಫ್ ನಿಯಮ. ಎರಡೂ ನಿಜವಾಗಿ ಸಿಗುವುದರಿಂದ, ವರ್ಕ್‌ಶೀಟ್‌ನಲ್ಲಿ C1ನ `H`ಗೂ ಇನ್ನೊಂದು ಚಿತ್ರ ಬರೆದು "ಅಲ್ಪ" ಎಂದು ಗುರುತು ಹಾಕಿ. 2-ಬ್ಯೂಟೀನ್‌ನಲ್ಲಿ ಟ್ರಾನ್ಸ್ ರೂಪ ಹೆಚ್ಚು ಬರುತ್ತದೆ. ಅದನ್ನು ಬರೆಯುವಾಗ ಎರಡು ಮೀಥೈಲ್‌ಗಳನ್ನು ಒಂದೇ ಕಡೆ ಬಿಡಿಸಿಬಿಡಬೇಡಿ.

ಪ್ರಶ್ನೆ 3: ಹೊರಟವನು ಹೊರಟ ಮೇಲೆ

ಟರ್ಷಿಯರಿ ಬ್ಯೂಟೈಲ್ ಕ್ಲೋರೈಡ್, 80% ಎಥನಾಲ್ ಮತ್ತು ನೀರು. ಬೇಸ್ ಅನ್ನುವಂಥದ್ದು ಏನೂ ಹಾಕಿಲ್ಲ. ಮೂರು ಮೀಥೈಲ್‌ಗಳು ಕಾರ್ಬನ್ನಿನ ಬೆನ್ನನ್ನು ಮುಚ್ಚಿಕೊಂಡಿವೆ, ಹಿಂದಿನಿಂದ ಬರುವ ದಾರಿ ಇಲ್ಲ. ಇಲ್ಲಿ ಕ್ಲೋರಿನ್ ಮೊದಲು ತಾನಾಗಿ ಹೊರಡುತ್ತದೆ.

ಹೆಸರಿನಲ್ಲಿರುವ ಅಂಕಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ 1930ರ ದಶಕದಲ್ಲಿ ಇಂಗೋಲ್ಡ್ ಮತ್ತು ಹ್ಯೂಸ್ ಈ ಹೆಸರುಗಳನ್ನು ಕೊಟ್ಟಾಗ, 1 ಮತ್ತು 2 ಎಂದರೆ ವೇಗ ನಿರ್ಧರಿಸುವ ಹೆಜ್ಜೆಯಲ್ಲಿ ಎಷ್ಟು ಕಣಗಳು ಸೇರಿವೆ ಎಂದರ್ಥ. ಎಷ್ಟು ಹೆಜ್ಜೆ ಎಂದಲ್ಲ. ಎಸ್‌ಎನ್2ಗೆ ಒಂದೇ ಹೆಜ್ಜೆ. ಎಸ್‌ಎನ್1ಗೆ ಒಂದಕ್ಕಿಂತ ಹೆಚ್ಚು. ಈ ಅಂಕಿಯನ್ನು ಹೆಜ್ಜೆಯ ಎಣಿಕೆ ಎಂದುಕೊಂಡು ಎರಡನ್ನೂ ಅದಲುಬದಲು ಬರೆದ ಹಾಳೆಗಳು ನನ್ನ ಹತ್ತಿರ ಒಂದು ಕಟ್ಟು ಇವೆ.

```
ಹೆಜ್ಜೆ 1:  C-Cl ಬಂಧದ ಮಧ್ಯ         →  Cl         (ನಿಧಾನ)
ಹೆಜ್ಜೆ 2:  ನೀರಿನ O ಮೇಲಿನ ಲೋನ್ ಪೇರ್  →  C⁺        (ಬೇಗ)
ಹೆಜ್ಜೆ 3:  ಇನ್ನೊಂದು ನೀರಿನ ಲೋನ್ ಪೇರ್ →  O⁺ ಮೇಲಿನ H
          O-H ಬಂಧದ ಮಧ್ಯ          →  O⁺        (ಬೇಗ)
```

ಮೊದಲ ಹೆಜ್ಜೆಯಲ್ಲಿ ಒಂದೇ ಬಾಣ. ಅದನ್ನು ಪಾಲಿಸಿದರೆ ಕಾರ್ಬನ್‌ಗೆ ಮೂರು ಬಂಧ, ಆರು ಎಲೆಕ್ಟ್ರಾನ್, ಪ್ಲಸ್ ಒಂದು. ಅದನ್ನು ಮೂರು ಕೈ ಚಪ್ಪಟೆಯಾಗಿ ಚಾಚಿದಂತೆ ಬಿಡಿಸಿ. ಎರಡನೇ ಹೆಜ್ಜೆಯಲ್ಲೂ ಒಂದೇ ಬಾಣ. ಕಾರ್ಬನ್‌ಗೆ ಜಾಗ ಖಾಲಿ ಇರುವುದರಿಂದ ಯಾರನ್ನೂ ಕಳಿಸಬೇಕಾಗಿಲ್ಲ. ಆದರೆ ಆಕ್ಸಿಜನ್ ಲೆಕ್ಕ ನೋಡಿ. ಅದಕ್ಕೀಗ ಮೂರು ಬಂಧ, ಒಂದೇ ಲೋನ್ ಪೇರ್. ಪ್ಲಸ್ ಅದರ ಮೇಲೆ ಬಂದು ಕೂತಿದೆ. ಬಹಳ ಜನ ಇಲ್ಲೇ ನೇರವಾಗಿ `(CH3)3C-OH` ಎಂದು ಬರೆದು ಮುಗಿಸುತ್ತಾರೆ. ಆಗ ಒಂದು `H⁺` ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರವಿಲ್ಲ. ಎಡಗಡೆ ಒಟ್ಟು ಪ್ಲಸ್ ಒಂದು, ಬಲಗಡೆ ಸೊನ್ನೆ. ಚಾರ್ಜ್ ಕೂಡಿಸಿ ನೋಡಿದ್ದರೆ ಸಾಕಿತ್ತು.

ಮೂರನೇ ಹೆಜ್ಜೆಯಲ್ಲಿ ಆ `H`ಅನ್ನು ತೆಗೆಯುವುದು ಇನ್ನೊಂದು ನೀರಿನ ಅಣು. `OH⁻` ಅಲ್ಲ, ಈ ದ್ರಾವಣದಲ್ಲಿ ಅದು ಲೆಕ್ಕಕ್ಕೆ ಸಿಗುವಷ್ಟು ಇಲ್ಲವೇ ಇಲ್ಲ, `HCl` ಹುಟ್ಟುತ್ತಿರುವುದರಿಂದ ಹೊತ್ತು ಕಳೆದಂತೆ ದ್ರಾವಣ ಆಮ್ಲೀಯವೂ ಆಗುತ್ತದೆ. ಪಾತ್ರೆಯಲ್ಲಿ ಇಲ್ಲದ್ದನ್ನು ಮೆಕ್ಯಾನಿಸಂನಲ್ಲಿ ತರಬೇಡಿ. ಹಾಗೆ ನೋಡಿದರೆ ಪಾತ್ರೆಯಲ್ಲಿ ಎಥನಾಲ್ ಇದ್ದೇ ಇದೆ, ಅದೂ ನೀರಿನಂತೆಯೇ ಎರಗಿ ಈಥರ್ ಕೊಡುತ್ತದೆ. ಬಾಣಗಳು ಅವೇ, ಒಂದು `H` ಜಾಗದಲ್ಲಿ `C2H5` ಇರುತ್ತದೆ ಅಷ್ಟೆ.

ಎಲಿಮಿನೇಷನ್ ಕೂಡ ಇದೇ ಪಾತ್ರೆಯಲ್ಲಿ ನಡೆಯುತ್ತದೆ. ಮೊದಲ ಹೆಜ್ಜೆ ಹಾಗೇ ಇರಲಿ. ಆಮೇಲೆ ನೀರು `C⁺` ಬದಲಿಗೆ ಪಕ್ಕದ ಮೀಥೈಲ್‌ನ `H` ಹಿಡಿದರೆ, ಆ `C-H` ಬಂಧದ ಜೋಡಿ `C⁺` ಕಡೆಗೆ ವಾಲಿ ಡಬಲ್ ಬಾಂಡ್ ಆಗುತ್ತದೆ. ಇದು ಇ1, ಉತ್ಪನ್ನ 2-ಮೀಥೈಲ್‌ಪ್ರೊಪೀನ್. 25 ಡಿಗ್ರಿಯಲ್ಲಿ ಸುಮಾರು 17 ಪಾಲು ಆಲ್ಕೀನ್. 65 ಡಿಗ್ರಿಗೆ ಏರಿಸಿದರೆ ಸುಮಾರು 36. "ಬಿಸಿ ಮಾಡಿದರೆ ಎಲಿಮಿನೇಷನ್" ಎಂದು ಬರೆಯುವುದಕ್ಕಿಂತ "ಬಿಸಿ ಮಾಡಿದರೆ ಎಲಿಮಿನೇಷನ್ ಪಾಲು ಹೆಚ್ಚು" ಎಂದು ಬರೆಯುವುದು ಸರಿ. ಇಲ್ಲಿ 65 ಡಿಗ್ರಿಯಲ್ಲೂ ಗೆದ್ದದ್ದು ಸಬ್‌ಸ್ಟಿಟ್ಯೂಷನ್ನೇ.

ಮೊದಲ ಹೆಜ್ಜೆ ಎರಡಕ್ಕೂ ಒಂದೇ ಎಂಬುದಕ್ಕೆ ಪುರಾವೆಯೂ ಇದೆ. ಕ್ಲೋರೈಡ್ ಬದಲಿಗೆ ಡೈಮೀಥೈಲ್ ಸಲ್ಫೈಡ್ ಹೊರಟುಹೋಗುವ ಸಲ್ಫೋನಿಯಂ ಲವಣವನ್ನು ಅದೇ ದ್ರಾವಕದಲ್ಲಿ, ಅದೇ 65 ಡಿಗ್ರಿಯಲ್ಲಿ ಇಟ್ಟು ನೋಡಿದ್ದಾರೆ. ಅಲ್ಲೂ ಆಲ್ಕೀನ್ ಪಾಲು ಸುಮಾರು 36. ಹೊರಟವರು ಬೇರೆ ಬೇರೆ, ಹೊರಡುವ ವೇಗವೂ ಬೇರೆ ಬೇರೆ, ಆದರೆ ಉಳಿದ ಕ್ಯಾಟಯಾನ್ ಒಂದೇ. ಕವಲು ಬರುವುದು ಲೀವಿಂಗ್ ಗ್ರೂಪ್ ಹೋದ ಮೇಲೆ. ಆದ್ದರಿಂದ ಹಾಳೆಯ ಮೇಲೂ ಕ್ಯಾಟಯಾನನ್ನು ಒಂದೇ ಸಲ ನಡುವೆ ಬಿಡಿಸಿ, ಅಲ್ಲಿಂದ ಮೇಲಕ್ಕೊಂದು ಕೆಳಕ್ಕೊಂದು ಕವಲು ತೆಗೆಯಿರಿ.

ಪ್ರಶ್ನೆ 4: ಜೈಟ್ಸೆಫ್ ಕೈಕೊಡುವ ಜಾಗ

ಎರಡನೇ ಪ್ರಶ್ನೆ ಸರಿಯಾಗಿ ಮಾಡಿದವರೇ ಇಲ್ಲಿ ಬೀಳುವುದು. ಉಂಗುರದ C1 ಮೇಲೆ `Br`, C2 ಮೇಲೆ `CH3`, ಎರಡೂ ಟ್ರಾನ್ಸ್. ಎಥಾಕ್ಸೈಡ್ ಹಾಕಿದ್ದೇವೆ, ಇ2. ಹೆಚ್ಚು ಗುಂಪುಗಳಿರುವ ಆಲ್ಕೀನ್ ಎಂದುಕೊಂಡು C2ನ `H` ಕಿತ್ತರೆ 1-ಮೀಥೈಲ್‌ಸೈಕ್ಲೋಹೆಕ್ಸೀನ್ ಬರಬೇಕು. ತರಗತಿಯ ಮುಕ್ಕಾಲು ಪಾಲು ಇದನ್ನೇ ಬರೆಯುತ್ತದೆ. ನಿಜವಾಗಿ ಸಿಗುವುದು 3-ಮೀಥೈಲ್‌ಸೈಕ್ಲೋಹೆಕ್ಸೀನ್.

ಇ2ಗೆ ಒಂದು ಷರತ್ತಿದೆ. ಕೀಳುವ `H` ಮತ್ತು ಹೊರಡುವ `Br` ಒಂದೇ ಸಮತಲದಲ್ಲಿ, ಒಂದಕ್ಕೊಂದು ಬೆನ್ನು ಹಾಕಿ ನಿಂತಿರಬೇಕು. `C-H` ಬಂಧದ ಜೋಡಿ `C-Br` ಬಂಧದ ಹಿಂಬದಿಯಿಂದ ಒಳಬರಬೇಕಾದ್ದರಿಂದ ಈ ನಿಲುವು. ಬ್ಯೂಟೇನ್‌ನಂಥ ಸರಪಳಿ ಸಲೀಸಾಗಿ ತಿರುಗಿ ಆ ನಿಲುವಿಗೆ ಬರುತ್ತದೆ, ಅದಕ್ಕೇ ಎರಡನೇ ಪ್ರಶ್ನೆಯಲ್ಲಿ ನಾವು ಇದನ್ನು ಯೋಚಿಸಲೇ ಇಲ್ಲ. ಉಂಗುರ ಹಾಗೆ ತಿರುಗುವಂತಿಲ್ಲ.

ಚೇರ್ ರೂಪ ಬಿಡಿಸಲು ಬಾರದವರು ಮೊದಲು ಚಪ್ಪಟೆ ಷಡ್ಭುಜದಲ್ಲೇ ಪರೀಕ್ಷಿಸಬಹುದು. `Br` ನಮ್ಮ ಕಡೆ ಬಂದಿದೆ ಎಂದು ದಪ್ಪ ಗೆರೆ ಹಾಕಿ. ಟ್ರಾನ್ಸ್ ಆದ್ದರಿಂದ `CH3`ಗೆ ಚುಕ್ಕಿ ಗೆರೆ, ಅಂದರೆ ಆ ಕಡೆ. ಹಾಗಾದರೆ C2 ಮೇಲೆ ಉಳಿದಿರುವ ಒಂದೇ ಒಂದು `H` ಎಲ್ಲಿದೆ? ನಮ್ಮ ಕಡೆಯೇ, `Br` ಇರುವ ಕಡೆಯೇ. ಅದು `Br`ಗೆ ಬೆನ್ನು ಹಾಕಿ ನಿಲ್ಲಲು ಸಾಧ್ಯವೇ ಇಲ್ಲ. ಇನ್ನೊಂದು ಪಕ್ಕದ C6 ಮೇಲೆ ಎರಡು `H` ಇವೆ, ಅದರಲ್ಲಿ ಒಂದು ಆ ಕಡೆ ಇದ್ದೇ ಇರುತ್ತದೆ. ಎಥಾಕ್ಸೈಡ್‌ಗೆ ಸಿಗುವುದು ಅದೊಂದೇ.

```
ಬಾಣ 1:  O ಮೇಲಿನ ಲೋನ್ ಪೇರ್  →  C6 ಮೇಲಿನ H (Br ಇಲ್ಲದ ಕಡೆಯದು)
ಬಾಣ 2:  C6-H ಬಂಧದ ಮಧ್ಯ     →  C6 ಮತ್ತು C1 ನಡುವೆ
ಬಾಣ 3:  C1-Br ಬಂಧದ ಮಧ್ಯ    →  Br
```

ಡಬಲ್ ಬಾಂಡ್ ಬಂದದ್ದು C1 ಮತ್ತು C6 ನಡುವೆ. ಉತ್ಪನ್ನಕ್ಕೆ ಹೆಸರಿಡುವಾಗ ಎಣಿಕೆ ಬದಲಾಗುತ್ತದೆ: ಹಳೆಯ C6 ಈಗ 1, ಹಳೆಯ C1 ಈಗ 2, ಮೀಥೈಲ್ ಹಿಡಿದ ಹಳೆಯ C2 ಈಗ 3. ಆದ್ದರಿಂದ 3-ಮೀಥೈಲ್. ಬಾಣಗಳನ್ನು ಸರಿಯಾಗಿ ಎಳೆದು ಈ ಎಣಿಕೆಯಲ್ಲಿ ತಪ್ಪಿದರೆ ನಾನು ಅರ್ಧ ಅಂಕವನ್ನೂ ಕಳೆಯುವುದಿಲ್ಲ, ಪರೀಕ್ಷೆಯಲ್ಲಿ ತಿದ್ದುವವರು ಕಳೆಯಬಹುದು.

ಪೂರ್ತಿ ಉತ್ತರಕ್ಕೆ ಚೇರ್ ರೂಪವೂ ಬೇಕು. ಈ ಅಣುವಿಗೆ ಇಷ್ಟವಾದ ನಿಲುವಿನಲ್ಲಿ `Br` ಮತ್ತು `CH3` ಎರಡೂ ಪಕ್ಕಕ್ಕೆ, ಅಂದರೆ ಇಕ್ವಟೋರಿಯಲ್ ಆಗಿ ಚಾಚಿರುತ್ತವೆ. ಆ ನಿಲುವಿನಲ್ಲಿ ಯಾವ `H` ಕೂಡ `Br`ಗೆ ಬೆನ್ನು ಹಾಕಿರುವುದಿಲ್ಲ, ಬಾಣ ಎಳೆಯಲು ಜಾಗವೇ ಇಲ್ಲ. ಉಂಗುರ ಮಗುಚಿ ಎರಡೂ ಆಕ್ಸಿಯಲ್ ಆದಾಗ, ಒಂದು ನೆಟ್ಟಗೆ ಮೇಲಕ್ಕೆ ಇನ್ನೊಂದು ಕೆಳಕ್ಕೆ ನಿಂತಾಗ, C6ನ ಕೆಳಮುಖದ `H` ಸರಿಯಾದ ಜಾಗಕ್ಕೆ ಬರುತ್ತದೆ. ಹಾಗೆ ನಿಲ್ಲುವುದು ಅಣುವಿಗೆ ತ್ರಾಸದ ಕೆಲಸ, ಆದ್ದರಿಂದ ಈ ಕ್ರಿಯೆ ನಿಧಾನ. ವರ್ಕ್‌ಶೀಟ್‌ನಲ್ಲಿ ಎರಡು ಚೇರ್‌ಗಳನ್ನು ಅಕ್ಕಪಕ್ಕ ಬಿಡಿಸಿ, ನಡುವೆ ಸಮತೋಲನದ ಜೋಡಿ ಬಾಣ ಹಾಕಿ, ಬಾಗಿದ ಬಾಣಗಳನ್ನು ಎರಡನೆಯದರ ಮೇಲೆ ಮಾತ್ರ ಎಳೆಯಿರಿ.

ಈಗ ಪ್ರಶ್ನೆಯಲ್ಲಿ ಒಂದೇ ಪದ ಬದಲಾಯಿಸಿ, ಟ್ರಾನ್ಸ್ ಬದಲಿಗೆ ಸಿಸ್ ಎಂದು ಬರೆದುಕೊಂಡು ಮತ್ತೆ ಚಪ್ಪಟೆ ಷಡ್ಭುಜ ಬಿಡಿಸಿ. `Br` ಮತ್ತು `CH3` ಎರಡಕ್ಕೂ ದಪ್ಪ ಗೆರೆ. C2ನ `H` ಚುಕ್ಕಿ ಗೆರೆಗೆ ಹೋಯಿತು, `Br`ಗೆ ಎದುರು ಬದಿಗೆ. ಚೇರ್‌ನಲ್ಲಿ `Br` ಆಕ್ಸಿಯಲ್ ಆಗಿ, ಮೀಥೈಲ್ ಪಕ್ಕಕ್ಕೆ ಚಾಚಿ ನಿಂತಾಗ C2ನ `H`, C6ನ ಒಂದು `H` ಎರಡೂ `Br`ಗೆ ಬೆನ್ನು ಹಾಕಿರುತ್ತವೆ. ಈ ಸಲ ಎಥಾಕ್ಸೈಡ್‌ಗೆ ಆಯ್ಕೆ ಇದೆ. ಜೈಟ್ಸೆಫ್ ಮಾತು ನಡೆಯುತ್ತದೆ, 1-ಮೀಥೈಲ್‌ಸೈಕ್ಲೋಹೆಕ್ಸೀನ್ ಮುಖ್ಯ ಉತ್ಪನ್ನವಾಗಿ ಬರುತ್ತದೆ. ಕಂಬಸಾಲಿನ ಮೊದಲೆರಡು ಸಾಲುಗಳಲ್ಲಿ C6 ಇದ್ದ ಕಡೆಯೆಲ್ಲ C2 ಎಂದು ತಿದ್ದಿ. ಮೂರನೇ ಸಾಲು ಹಾಗೇ ಇರಲಿ.